ಅಟ್ಟದ ಮೇಲಿನ ನೇಗಿಲು, ಕುಡುಗೋಲು, ಮೊರ: ಫೋಟೊ ನೋಡಿ ಗುರುತಿಸುವುದು ಹೇಗೆ?

ಹಳೆಯ ಬೇಸಾಯದ ಸಾಮಾನಿನ ಫೋಟೊ ಕಳಿಸಿ "ಇದು ಏನು ಸಾರ್?" ಅಂತ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಹೆಚ್ಚಿನ ಫೋಟೊಗಳಲ್ಲಿ ಸಾಮಾನು ಗೋಡೆಗೆ ಒರಗಿರುತ್ತದೆ, ಹಿಡಿ ಮುಂದಿರುತ್ತದೆ, ಕೆಲಸ ಮಾಡುವ ತುದಿ ಕತ್ತಲಲ್ಲಿರುತ್ತದೆ. ಗುರುತು ಸಿಗುವುದು ಆ ಕತ್ತಲಲ್ಲಿರುವ ತುದಿಯಲ್ಲೇ. ಮಣ್ಣು ಸೀಳುವ, ಪೈರು ಕೊಯ್ಯುವ, ಕಾಳು ಜಾರಿಸುವ ಆ ಭಾಗಕ್ಕೆ ನಮ್ಮ ಮಾತಿನಲ್ಲಿ ಬಾಯಿ ಅಂತಲೇ ಹೆಸರು. ಕುಡುಗೋಲಿಗೂ ಬಾಯಿ ಇದೆ, ಮೊರಕ್ಕೂ ಬಾಯಿ ಇದೆ. ಹಿಡಿ ಎಲ್ಲದಕ್ಕೂ ಒಂದೇ ಥರ ಕಾಣಬಹುದು, ಬಾಯಿ ಮಾತ್ರ ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ.

ಈ ವಾರ ಒಂದೇ ಮನೆಯ ಫೋಟೊಗಳನ್ನು ಇಟ್ಟುಕೊಂಡು ಇದನ್ನು ವಿವರವಾಗಿ ನೋಡೋಣ. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಮನೆ. ಮಳೆ ಆಶ್ರಯದ ರಾಗಿ, ಜೊತೆಗೆ ಅವರೆ, ಒಂದಿಷ್ಟು ಕಡಲೆಕಾಯಿ. ಕಿರಿಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ, ಅಣ್ಣ ಊರಲ್ಲಿ ಬೇಸಾಯ ನೋಡಿಕೊಂಡಿದ್ದಾರೆ. ಒಂದು ಜೊತೆ ಎತ್ತು ಇನ್ನೂ ಇವೆ. ಹಳೇ ಹೆಂಚಿನ ಮನೆ ಕೆಡವುವ ಮುಂಚೆ ಅಟ್ಟ ಇಳಿಸಿದ್ದರು. ಗುಜರಿಯವನು ಭಾನುವಾರ ಬರುವವನಿದ್ದ. ಕಬ್ಬಿಣ ತೂಕಕ್ಕೆ, ಮರ ಒಲೆಗೆ ಅಂತ ಮಾತಾಗಿತ್ತು. ಕಿರಿಮಗ ಫೋಟೊ ಜೊತೆಗೆ ಒಂದು ಪಟ್ಟಿ ಕಳಿಸಿದ್ದರು: "ನೇಗಿಲು 3 (ಎರಡು ಮುರಿದಿವೆ), ಕುಡುಗೋಲು 3, ಮೊರ 3." ಕೊನೆಗೆ ಒಂದು ಸಾಲು: "ಇದರಲ್ಲಿ ಇಟ್ಟುಕೊಳ್ಳೋ ಅಂಥದ್ದು ಏನಾದ್ರೂ ಇದ್ಯಾ ಸಾರ್?"

ಇತ್ತು. ಆದರೆ ಅದು ಅವರು ಅಂದುಕೊಂಡ ಸಾಮಾನಲ್ಲಿ ಇರಲಿಲ್ಲ.

ಮೂರು ನೇಗಿಲಲ್ಲಿ ನೇಗಿಲು ಒಂದೇ

ಮೊದಲನೆಯದು ನೇಗಿಲೇ, ಅನುಮಾನವಿಲ್ಲ. ದಪ್ಪ ಮರದ ದಿಮ್ಮಿ, ಮುಂದಕ್ಕೆ ಚೂಪಾಗುತ್ತಾ ಹೋಗಿ ಅದರ ಮೇಲೆ ಕಬ್ಬಿಣದ ಗುಳ ಕೂತಿದೆ. ಕೆಲವು ಕಡೆ ಇದಕ್ಕೆ ಕುಳ ಅಂತಾರೆ. ಹಿಂದೆ ಉಳುವವನು ಹಿಡಿಯುವ ಮೇಳಿ, ಮುಂದೆ ನೊಗಕ್ಕೆ ಹೋಗುವ ಉದ್ದನೆಯ ಈಸು, ಈಸು ಅಲುಗದ ಹಾಗೆ ಬಡಿದ ಬೆಣೆ. ನೇಗಿಲಲ್ಲಿ ನೋಡಬೇಕಾದ ಮೊದಲ ಗುರುತು ಇದು: ದಿಮ್ಮಿ, ಗುಳ, ಈಸು ಎಲ್ಲವೂ ಎತ್ತು ನಡೆಯುವ ದಿಕ್ಕಿಗೇ ಇರುತ್ತವೆ. ಮಣ್ಣಿಗೆ ತಾಗುವುದು ಒಂದೇ ಒಂದು ಮೊನೆ.

ಇದು ಮಣ್ಣು ಮಗುಚುವ ನೇಗಿಲಲ್ಲ, ಸೀಳುವ ನೇಗಿಲು. ಮಗುಚುವ ಕಬ್ಬಿಣದ ನೇಗಿಲಿಗೆ ಒಂದು ಪಕ್ಕದಲ್ಲಿ ಬಾಗಿದ ರೆಕ್ಕೆ ಇರುತ್ತದೆ. ಸೀಳುವ ನೇಗಿಲು ಹೋದ ಸಾಲು ಮೇಲೆ ಅಗಲ, ಕೆಳಗೆ ಚೂಪು. ಎರಡು ಸಾಲಿನ ನಡುವೆ ಉಳದ ಮಣ್ಣು ಉಳಿಯುತ್ತದೆ. ಅದಕ್ಕೇ ಹಿಂದಿನವರು ಉದ್ದ ಉತ್ತ ಮೇಲೆ ಅಡ್ಡ ಉಳುತ್ತಿದ್ದರು. ಈ ನೇಗಿಲಿನ ಅಡಿ ಫೋಟೊ ಕೇಳಿ ತರಿಸಿಕೊಂಡೆ. ಅಡಿ ಮರ ನುಣ್ಣಗೆ ಸವೆದಿತ್ತು, ಗುಳದ ಮೊನೆ ಮೊಂಡಾಗಿತ್ತು. ಅಲಂಕಾರಕ್ಕೆ ಮಾಡಿದ್ದಲ್ಲ, ಉತ್ತು ದಣಿದದ್ದು.

ಎರಡನೆಯದನ್ನು ಅವರು "ಮುರಿದ ನೇಗಿಲು" ಅಂತ ಬರೆದಿದ್ದರು. ಫೋಟೊದಲ್ಲಿ ಕಂಡದ್ದು ಒಂದು ತೊಲೆಯಂಥ ಮರ, ಅದರಿಂದ ಹೊರಟ ಗೂಟಗಳು, ಕೆಲವು ಗೂಟ ಇಲ್ಲದ ಬರಿ ತೂತುಗಳು. ಗೂಟಗಳು ಸಾಲಾಗಿ ಇವೆ ಅಂದರೆ ಈ ಮರ ಎತ್ತು ನಡೆಯುವ ದಿಕ್ಕಿಗೆ ಅಡ್ಡವಾಗಿ ಕೂರುವ ದಿಂಡು ಅಂತ ಅರ್ಥ. ಅಲ್ಲಿಗೆ ಅದು ನೇಗಿಲಲ್ಲ. ಉಳಿದದ್ದು ಎರಡು ಸಾಧ್ಯತೆ: ಹೆಂಟೆ ಒಡೆಯುವ, ಹಲ್ಲಿರುವ ಹಲುಬೆ, ಇಲ್ಲವೇ ಬಿತ್ತುವ ಕೂರಿಗೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಹಲ್ಲಿನ ಒಳಗಿದೆ. ಹಲುಬೆಯ ಹಲ್ಲು ಗಟ್ಟಿ ಗೂಟ. ಕೂರಿಗೆಯ ತಾಳಿನಲ್ಲಿ ಬೀಜ ಇಳಿಯಲು ತೂತು ಇರುತ್ತದೆ. ಮೇಲಿನ ಬಟ್ಟಲಿನಿಂದ ಬಿದಿರ ಕೊಳವೆಯೊಳಗೆ ಜಾರಿದ ಕಾಳು ಈ ತೂತಿನಿಂದಲೇ ಸಾಲಿಗೆ ಬೀಳಬೇಕು.

"ಒಂದು ತಾಳಿನ ಮೇಲಿಂದ ಮೊಬೈಲ್ ಟಾರ್ಚ್ ಹಾಕಿ, ಕೆಳಗೆ ಬೆಳಕು ಬರುತ್ತಾ ನೋಡಿ" ಅಂದೆ. ಮೊದಲು ಬರಲಿಲ್ಲ. ತಂತಿ ಹಾಕಿ ಚುಚ್ಚಿದಾಗ ಗೆದ್ದಲ ಮಣ್ಣು ಉದುರಿತು, ಆಮೇಲೆ ಬೆಳಕು ಕಂಡಿತು. ಪಕ್ಕದಲ್ಲಿದ್ದ ಅವರ ತಾಯಿ ಫೋನಿನಲ್ಲೇ ಹೇಳಿದರು: "ಅದು ನೇಗಿಲಲ್ಲ ಕಣಪ್ಪ, ಕೂರಿಗೆ ದಿಂಡು. ನಿಮ್ಮಪ್ಪ ಎತ್ತು ಹೊಡಿಯೋರು, ನಾನು ಬಟ್ಟಲಿಗೆ ರಾಗಿ ಬಿಡ್ತಿದ್ದೆ."

ಕೂರಿಗೆ ಅಂತ ತಿಳಿದ ಮೇಲೆ ಮಾಡಬೇಕಾದ ಮುಖ್ಯ ಕೆಲಸ ಅಳತೆ. ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಟೇಪು ಹಿಡಿಯಬೇಕು. ಇಲ್ಲಿ ದಿಂಡಿನ ಉದ್ದ ನಾಲ್ಕೂಕಾಲು ಅಡಿಯ ಆಸುಪಾಸು. ತಾಳಿನ ತೂತು 6, ಒಂದರಿಂದ ಒಂದಕ್ಕೆ 9 ಇಂಚು. ಅಂದರೆ ಐದು ಸಂದು ಸೇರಿ 45 ಇಂಚು. ಈಸು ಮತ್ತು ಹಿಡಿ ಸೇರಿಸುವ ತೂತುಗಳು ಇನ್ನೊಂದು ಬದಿಯಲ್ಲಿ ಬೇರೆ ಇರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. 9 ಇಂಚು ಅಂದರೆ ಸುಮಾರು 23 ಸೆಂ.ಮೀ., ರಾಗಿಗೆ ಒಪ್ಪುವ ಸಾಲಿನ ಅಂತರ. ಸಾಲಿನ ಅಂತರ ಯಾವ ಕಾಗದದಲ್ಲೂ ಬರೆದಿರಲಿಲ್ಲ, ಬಡಗಿ ದಿಂಡಿಗೆ ಕೊರೆದ ತೂತಿನಲ್ಲಿ ಇತ್ತು. ಒಂದು ಅಡಿ ಅಂತರದಲ್ಲಿ ತೂತು ಕಡಿಮೆ ಇದ್ದಿದ್ದರೆ ಬೇರೆ ಬೆಳೆಯ ಕೂರಿಗೆ ಇರಬಹುದು ಅಂತ ಯೋಚಿಸಬೇಕಿತ್ತು.

ಮೈಸೂರು ಸೀಮೆಯ ಕೂರಿಗೆ ಹೊಸದೇನಲ್ಲ. 1800-01ರಲ್ಲಿ ಈ ಭಾಗದಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಕೂರಿಗೆಯ ವಿಚಾರ ಬರೆದಿದ್ದಾನೆ. ಇಡಿಯಾದ ಕೂರಿಗೆ ಕಣ್ಣಾರೆ ನೋಡಬೇಕು ಅನ್ನುವವರು ರಾಮನಗರದ ಜಾನಪದ ಲೋಕದಂಥ ಕಡೆ ಹೋಗಿ ತಮ್ಮ ಮನೆಯ ತುಂಡಿನ ಜೊತೆ ಹೋಲಿಸಬಹುದು.

ಮೂರನೇ "ನೇಗಿಲು" ಇನ್ನೂ ಚಿಕ್ಕದು. ಅಡ್ಡ ದಿಂಡು, ಅದರಿಂದ ಇಳಿದ ಎರಡು ಕಾಲು, ಎರಡು ಕಾಲಿನ ನಡುವೆ ಅಡ್ಡವಾಗಿ ಕಬ್ಬಿಣದ ಅಲಗು. ಮೊನೆ ಇಲ್ಲ, ಹಲ್ಲಿಲ್ಲ, ಅಲಗು ಇದೆ. ಅಲಗು ಇದ್ದರೆ ಅದು ಕುಂಟೆ. ಕುಂಟೆ ಮಣ್ಣು ಸೀಳುವುದಿಲ್ಲ, ಮೇಲ್ಮಣ್ಣಿನ ಕೆಳಗೆ ನುಸುಳಿ ಕಳೆಯ ಬೇರು ಕತ್ತರಿಸುತ್ತದೆ. ಬಿತ್ತುವ ಮುಂಚೆ ಹೊಲ ಹರಗುವ ಕುಂಟೆಯ ಅಲಗು ಉದ್ದ. ಪೈರಿನ ಸಾಲಿನ ನಡುವೆ ಓಡುವ ಎಡೆಕುಂಟೆಯದು ಗಿಡ್ಡ. ಇದರ ಅಲಗು ಅಳೆಸಿದೆ, 6 ಇಂಚು ಬಂತು.

ಈಗ ಎರಡು ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಕೂರಿಗೆಯ ಸಾಲು 9 ಇಂಚು, ಎಡೆಕುಂಟೆಯ ಅಲಗು 6 ಇಂಚು. ಸಾಲಿನ ನಡುವೆ ಅಲಗು ಓಡಿದರೆ ಎರಡೂ ಪಕ್ಕ ಒಂದೂವರೆ ಇಂಚು ಪೈರಿಗೆ ಬಿಟ್ಟ ಹಾಗಾಯಿತು. ಇವೆರಡೂ ಒಂದಕ್ಕೊಂದು ಮಾಡಿಸಿದ ಜೋಡಿ. ಒಂದು ಗುಜರಿಗೆ ಹೋಗಿ ಇನ್ನೊಂದು ಉಳಿದರೆ ಉಳಿದದ್ದರ ಬೆಲೆ ಅರ್ಧಕ್ಕಿಂತ ಕಡಿಮೆ.

ಇದು ಯಾಕೆ ಮುಖ್ಯ ಅಂದರೆ, ಊರಲ್ಲಿರುವ ಅಣ್ಣ ಈಗ ರಾಗಿಯನ್ನು ಚೆಲ್ಲಿ ಬಿತ್ತುತ್ತಿದ್ದರು. ಊರಲ್ಲಿ ಕೂರಿಗೆ ಇಟ್ಟವರೇ ಇಲ್ಲ. ಚೆಲ್ಲಿದ ಹೊಲದಲ್ಲಿ ಸಾಲು ಇರುವುದಿಲ್ಲ, ಸಾಲಿಲ್ಲದ ಕಡೆ ಎಡೆಕುಂಟೆ ಹೊಡೆಯಲು ಆಗುವುದಿಲ್ಲ, ಹಾಗಾಗಿ ಪೂರ್ತಿ ಕಳೆ ಆಳಿನ ಕೈಯಲ್ಲೇ ಆಗಬೇಕು. ಸಾಲಲ್ಲಿ ಬಿತ್ತಿದರೆ 20-25 ದಿನಕ್ಕೆ ಎಡೆಕುಂಟೆ ಹೊಡೆದು, ಸಾಲಿನೊಳಗೆ ಉಳಿದ ಕಳೆಯನ್ನಷ್ಟೇ ಕೈಯಲ್ಲಿ ತೆಗೆಯಬಹುದು. ಕೂರಿಗೆಯಲ್ಲಿ ಎಕರೆಗೆ ಸುಮಾರು 5 ಕೆ.ಜಿ. ರಾಗಿ ಸಾಕು. ಎತ್ತು ಮನೆಯಲ್ಲೇ ಇರುವಾಗ, ಒಲೆಗೆ ಹೋಗಬೇಕಿದ್ದ ಈ ಮರದ ಲೆಕ್ಕ ಬೇರೆಯೇ ಆಗುತ್ತದೆ.

ಅದೇ ಫೋಟೊದ ಮೂಲೆಯಲ್ಲಿ ಪಟ್ಟಿಯಲ್ಲೇ ಇಲ್ಲದ ಒಂದು ಬಿದಿರ ತುಂಡು ಇತ್ತು. ಕೋಲು ಅಂತ ಬಿಟ್ಟಿದ್ದರು. ತುದಿ ಚೂಪು, ಒಳಗೆ ಟೊಳ್ಳು. ಇದು ಸಡ್ಡೆ ಇರಬೇಕು ಅನ್ನಿಸಿ ತಾಯಿಯನ್ನೇ ಕೇಳಿದೆ, ಹೌದು ಅಂದರು. ಕೂರಿಗೆ ಹಿಂದೆ ಹಗ್ಗದಲ್ಲಿ ಕಟ್ಟಿ, ಒಬ್ಬರು ಹಿಡಿದು ನಡೆಯುತ್ತಾ ಅಕ್ಕಡಿ ಸಾಲಿಗೆ ಅವರೆ ಬೀಜ ಬಿಡುವ ಕೊಳವೆ ಇದು. ಬರಿ ಫೋಟೊದಲ್ಲಿ ಇದನ್ನು ಕೋಲಿನಿಂದ ಬೇರೆ ಮಾಡುವುದು ಕಷ್ಟ. ಎರಡೂ ತುದಿಯ ಫೋಟೊ ಬೇಕು, ಇಲ್ಲವೇ ಅದನ್ನು ಹಿಡಿದು ನಡೆದವರು ಬೇಕು.

ಕುಡುಗೋಲು: ಒಳಬಾಯಿ ಸವರಿ ನೋಡಿ

ಮೂರು ಕುಡುಗೋಲೂ ಒಂದು ಮೊಳೆಗೆ ನೇತುಹಾಕಿದ್ದವು. ತುಕ್ಕಿನ ಬಣ್ಣ ಮೂರಕ್ಕೂ ಒಂದೇ. ಇಲ್ಲೂ ಬಾಯಿಯನ್ನೇ ನೋಡಬೇಕು. ಬಾಗಿದ ಅಲಗಿನ ಒಳಬದಿಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಿರಿ. ನೆತ್ತಿ ಮೇಲಿನ ಬಿಸಿಲಿನಲ್ಲಾಗಲಿ ಫ್ಲ್ಯಾಶ್‌ನಲ್ಲಾಗಲಿ ಹಲ್ಲು ಕಾಣುವುದಿಲ್ಲ.

ಒಂದರಲ್ಲಿ ಗರಗಸದಂಥ ಸಣ್ಣ ಹಲ್ಲು ಕಂಡವು. ಹಲ್ಲು ಹಿಡಿಯ ಕಡೆಗೆ ವಾಲಿರುತ್ತವೆ. ಯಾಕೆಂದರೆ ಈ ಕುಡುಗೋಲು ಬೀಸಿ ಕತ್ತರಿಸುವುದಲ್ಲ, ಎಡಗೈಯಲ್ಲಿ ಪೈರಿನ ಹಿಡಿ ಹಿಡಿದು ತನ್ನ ಕಡೆಗೆ ಎಳೆದು ಕೊಯ್ಯುವುದು. ಹಲ್ಲು ಅಲಗಿನ ಒಂದು ಮುಖದಲ್ಲಿ ಮಾತ್ರ ಕೊರೆದಿರುತ್ತಾರೆ. ಉಗುರಿನಿಂದ ಎರಡೂ ಮುಖ ಮೆಲ್ಲಗೆ ಸವರಿದರೆ ಗೊತ್ತಾಗುತ್ತದೆ. ತುಕ್ಕು ತೆಗೀತೀನಿ ಅಂತ ಹಲ್ಲಿರುವ ಮುಖವನ್ನು ಕಲ್ಲಿಗೆ ಉಜ್ಜಿದರೆ ಹಲ್ಲೇ ಹೋಗುತ್ತದೆ. ಹಲ್ಲು ಸವೆದಿದ್ದರೆ ಕಮ್ಮಾರರ ಹತ್ತಿರ ಹೊಸದಾಗಿ ಹೊಡೆಸಬೇಕು.

ಎರಡನೆಯದಕ್ಕೆ ಹಲ್ಲಿಲ್ಲ, ನುಣುಪು ಬಾಯಿ. ಅಲಗಿನ ನಡುಭಾಗ ಮಾತ್ರ ತೆಳುವಾಗಿ ಒಳಕ್ಕೆ ಸವೆದಿದೆ, ತುದಿ ಮತ್ತು ಬುಡ ಅಗಲವಾಗಿವೆ. ಇದು ಮತ್ತೆ ಮತ್ತೆ ಮಸೆದ ಗುರುತು. ಇದೂ ಕೊಯ್ಲಿನ, ಹುಲ್ಲಿನ ಕುಡುಗೋಲೇ.

ಮೂರನೆಯದರ ಸವೆತ ಬೇರೆ ಜಾಗದಲ್ಲಿತ್ತು. ಒಳಬಾಯಿ ಅಷ್ಟೇನೂ ಸವೆದಿಲ್ಲ, ತುದಿ ಮಾತ್ರ ಮೊಂಡಾಗಿ ಉರುಟಾಗಿದೆ, ಅಲಗೂ ಗಿಡ್ಡ. ಪೈರು ಕೊಯ್ದ ಕುಡುಗೋಲಿನ ತುದಿ ಹಾಗೆ ಸವೆಯಲು ಕಾರಣವೇ ಇಲ್ಲ, ಅದು ನೆಲ ಮುಟ್ಟುವುದಿಲ್ಲ. ತುದಿ ಸವೆದಿದ್ದರೆ ಅದು ಮಣ್ಣು ಕೆದಕಿದೆ. ಇದು ಕೂತು ಕಳೆ ತೆಗೆಯುವ ಸಾಮಾನು. ಉತ್ತರ ಕರ್ನಾಟಕದ ಕಡೆ ಕುರ್ಚಗಿ ಅನ್ನುತ್ತಾರೆ. ಈ ಮನೆಯ ತಾಯಿ "ಕಳೆ ಕುಡ್ಲು" ಅಂದರು. ನಾನು ಹೆಸರಿನ ಜಾಗದಲ್ಲಿ ಅವರ ಮಾತನ್ನೇ ಬರೆಸಿದೆ.

ಇಲ್ಲಿ ಒಂದು ಎಚ್ಚರಿಕೆ. ತುಕ್ಕು ನೋಡಿ ವಯಸ್ಸು ಹೇಳಬೇಡಿ. ಸೋರುವ ಸೂರಿನಡಿ ನಾಲ್ಕು ಮಳೆಗಾಲ ಕಳೆದ ಕುಡುಗೋಲು ಅಜ್ಜನ ಕಾಲದ್ದರಂತೆ ಕಾಣುತ್ತದೆ. ಹೊಗೆ ಹಿಡಿದ ಅಡುಗೆಮನೆಯಲ್ಲಿದ್ದ ಹಳೆಯದು ಗಟ್ಟಿಯಾಗಿ ಉಳಿದಿರುತ್ತದೆ. ಮರದ ಜಾತಿಯೂ ಅಷ್ಟೇ. ಹೊಗೆ, ಎಣ್ಣೆ, ಧೂಳು ಕೂತ ಮರವನ್ನು ಫೋಟೊದಲ್ಲಿ ನೋಡಿ ಜಾಲಿಯೋ ಬೇವೋ ಅಂತ ಹೇಳುವವರ ಮಾತು ನಂಬಬೇಡಿ. ಕೈಗೆತ್ತಿ, ಒಂದು ಮೂಲೆ ಕೆರೆದು ನೋಡಿದ ಬಡಗಿ ಹೇಳಬಹುದು.

ಮೊರ: ಒಂದು ಕಡೆ ತೆರೆದಿದೆಯೇ?

ಪಟ್ಟಿಯ ಮೂರು "ಮೊರ"ಗಳಲ್ಲಿ ಒಂದು ದುಂಡಗಿತ್ತು, ಸುತ್ತಲೂ ಅಂಚು ಎದ್ದಿತ್ತು. ಮೊರಕ್ಕೆ ಮೂರು ಕಡೆ ಮಾತ್ರ ಅಂಚು, ಮುಂದಿನ ಕಡೆ ತೆರೆದ ಬಾಯಿ. ಸುತ್ತಲೂ ಅಂಚಿದ್ದರೆ ಹೊಟ್ಟು ಹೊರಗೆ ಹೋಗುವ ದಾರಿಯೇ ಇಲ್ಲ. ದುಂಡಗಿನದನ್ನು ಬೆಳಕಿಗೆ ಎತ್ತಿ ಹಿಡಿದು ಫೋಟೊ ತೆಗೆಸಿದೆ. ಹೆಣಿಗೆಯ ನಡುವೆ ಒಂದೇ ಅಳತೆಯ ಸಂದುಗಳು, ಚುಕ್ಕಿ ಚುಕ್ಕಿ ಬೆಳಕು. ಅದು ಜರಡಿ. ನಮ್ಮ ಕಡೆ ಒಂದರಿ ಅಂತಲೂ ಹೇಳುತ್ತಾರೆ. ಹೆಣಿಗೆ ಹರಿದು ಎಲ್ಲೆಲ್ಲೋ ಬೆಳಕು ಬಂದರೆ ಅದು ತೂತು ಬಿದ್ದ ಬುಟ್ಟಿ ಅಷ್ಟೆ. ಸಂದು ಒಂದೇ ಸಮ ಇದ್ದರೆ ಜರಡಿ.

ಎರಡನೆಯದು ಸರಿಯಾದ ಮೊರ. ಬಿದಿರ ಸೀಳಿನ ಬಿಗಿ ಹೆಣಿಗೆ, ಸಂದಿನಲ್ಲಿ ಒಣಗಿದ ಸೆಗಣಿ. ಕಾಳು ಸಿಕ್ಕಿಕೊಳ್ಳದಿರಲಿ, ಹೆಣಿಗೆ ಬಾಳಿಕೆ ಬರಲಿ ಅಂತ ಸೆಗಣಿ ಸಾರಿಸುತ್ತಿದ್ದರು. ಬಾಯಿಯ ಅಂಚಿನ ಸೀಳುಗಳು ಹೊಳಪಾಗಿ ಸವೆದು ಅಲ್ಲಲ್ಲಿ ಮುರಿದಿದ್ದವು. ಅದು ಕೇರಿದ ಗುರುತು. ಕೇರುವಾಗ ಮೊರವನ್ನು ಮೇಲಕ್ಕೆ ಚಿಮ್ಮಿ ತನ್ನ ಕಡೆಗೆ ಎಳೆದುಕೊಳ್ಳುತ್ತಾರೆ. ಭಾರದ ಕಾಳು ಒಳಗೆ ಉಳಿಯುತ್ತದೆ, ಹಗುರ ಹೊಟ್ಟು ಬಾಯಿಯ ಕಡೆ ಜಾರಿ ಹೊರಬೀಳುತ್ತದೆ. ತೂರುವುದು ಬೇರೆ. ಕಣದಲ್ಲಿ ಗಾಳಿ ನೋಡಿಕೊಂಡು ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿಯುತ್ತಾರೆ, ಕಾಳು ನೇರ ಬೀಳುತ್ತದೆ, ಹೊಟ್ಟು ಗಾಳಿಗೆ ದೂರ ಹೋಗುತ್ತದೆ. ಇದೇ ಸಾಮಾನಿಗೆ ತುಳುನಾಡಿನಲ್ಲಿ ತಡ್ಪೆ ಅಂತಾರೆ, ಮಲೆನಾಡಿನ ಕಡೆ ಗೆರಸಿ ಅನ್ನುವ ಹೆಸರೂ ಉಂಟು.

ಮೂರನೆಯದು ಅಳತೆಯಲ್ಲಿ ಚಿಕ್ಕದು. ಒಂದು ಅಂದುಕೊಂಡಿದ್ದರು, ನೋಡಿದರೆ ಎರಡು ಮೊರ ಮುಖಕ್ಕೆ ಮುಖ ಕೂಡಿಸಿ ದಾರದಲ್ಲಿ ಕಟ್ಟಿತ್ತು. ಬಾಯಿಯಲ್ಲಿ ಸವೆತವೇ ಇಲ್ಲ, ಸೆಗಣಿ ಇಲ್ಲ, ಅರಿಶಿನದ ಬಣ್ಣ ಮಾಸಿ ಉಳಿದಿದೆ. ಇದು ಗೌರಿ ಹಬ್ಬದ ಬಾಗಿನದ ಮೊರ. ಒಂದು ಕಾಳನ್ನೂ ಕೇರಿಲ್ಲ. ಬೇಸಾಯದ ಸಾಮಾನಿನ ಸಾಲಿಗೆ ಇದನ್ನು ಸೇರಿಸುವುದು ತಪ್ಪು. ಆದರೆ ಗುಜರಿಗೆ ಹಾಕುವ ಮುಂಚೆ ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಬೇಕಾದ ಸಾಮಾನು.

ಗುರುತಿಸಿದ ಮೇಲೆ: ಕೂರಿಗೆ ಮತ್ತೆ ಹೊಲಕ್ಕೆ ಇಳಿಯುತ್ತದಾ?

ಈ ಮನೆಯವರು ನೇಗಿಲು, ಕೂರಿಗೆ, ಎಡೆಕುಂಟೆ, ಸಡ್ಡೆ ನಾಲ್ಕನ್ನೂ ಉಳಿಸಿಕೊಂಡರು. ಆದರೆ ಹೆಸರು ತಿಳಿದ ಮಾತ್ರಕ್ಕೆ ಹಳೇ ಕೂರಿಗೆ ಕೆಲಸಕ್ಕೆ ಬರುವುದಿಲ್ಲ. ಮೊದಲು ದಿಂಡಿನ ತೂತುಗಳ ಅಂಚನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ದಬ್ಬಳ ಸಲೀಸಾಗಿ ಇಳಿದರೆ ಗೆದ್ದಲು ಒಳಗೆ ತಿಂದಿದೆ, ಆ ದಿಂಡಿಗೆ ಎತ್ತು ಕಟ್ಟಬಾರದು. ಹಾಗಾದರೂ ದಿಂಡನ್ನು ಎಸೆಯಬೇಡಿ, ಅದೇ ಅಳತೆಗೆ ಬಡಗಿ ಹೊಸದು ಮಾಡಿಕೊಡುತ್ತಾರೆ. ಇಲ್ಲಿ ಒಂದು ಕೊನೆಯ ತೂತು ಮಾತ್ರ ಮೆತ್ತಗಾಗಿತ್ತು. ಆ ತಾಳು ಬಿಟ್ಟು ಐದು ಸಾಲಿನ ಕೂರಿಗೆಯಾಗಿ ಹೂಡಬಹುದು ಅಂತ ಬಡಗಿ ಹೇಳಿದರು. ಬಟ್ಟಲು ಮತ್ತು ಬಿದಿರ ಕೊಳವೆ ಹೊಸದಾಗಿಯೇ ಆಗಬೇಕು.

ಹೊಲಕ್ಕೆ ಒಯ್ಯುವ ಮುಂಚೆ ಅಂಗಳದಲ್ಲಿ ಪರೀಕ್ಷೆ ಮಾಡಿ. ರಾಗಿ ಸಣ್ಣ ಕಾಳು, ಬರಿ ಕಾಳು ಬಿಟ್ಟರೆ ಒಂದೇ ಕಡೆ ಸುರಿದುಬಿಡುತ್ತದೆ. ಒಣ ಮರಳು ಅಥವಾ ಪುಡಿ ಗೊಬ್ಬರ ಬೆರೆಸಿ ಬಟ್ಟಲಿಗೆ ಬಿಡುತ್ತಾ, ಸಾರಿಸಿದ ನೆಲದ ಮೇಲೆ ಕೂರಿಗೆಯನ್ನು ಹತ್ತು ಹೆಜ್ಜೆ ಎಳೆಯಿರಿ. ಪ್ರತಿ ತಾಳಿನ ಹಿಂದೆಯೂ ಹೆಚ್ಚುಕಮ್ಮಿ ಒಂದೇ ಸಮ ಕಾಳು ಬಿದ್ದಿರಬೇಕು. ಒಂದು ಸಾಲು ಖಾಲಿ ಇದ್ದರೆ ಆ ಕೊಳವೆ ಕಟ್ಟಿದೆ. ಹೊಲದಲ್ಲಿ ಇದು ಮಣ್ಣಿನಡಿ ಮುಚ್ಚಿಹೋಗುತ್ತದೆ, ಮೊಳಕೆ ಬಂದಾಗಲೇ ಗೊತ್ತಾಗುವುದು.

ನೀವು ಫೋಟೊ ಕಳಿಸುವಾಗ

ಒಂದು ಸಾಮಾನಿಗೆ ನಾಲ್ಕು ಫೋಟೊ ಸಾಕು: ಪಕ್ಕದಿಂದ ಪೂರ್ತಿ, ಬಾಯಿ ಹತ್ತಿರದಿಂದ, ಅಡಿಭಾಗ, ಮತ್ತು ಟೇಪು ಇಟ್ಟು ಅಳತೆ ಕಾಣುವ ಹಾಗೆ ಒಂದು. ಟೇಪು ಇಲ್ಲದಿದ್ದರೆ 10 ರೂಪಾಯಿ ನಾಣ್ಯ ಇಡಿ, ಅದರ ಅಡ್ಡಗಲ 27 ಮಿ.ಮೀ. ಫೋಟೊ ತೆಗೆಯುವ ಮುಂಚೆ ತೊಳೆಯಬೇಡಿ, ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಸೆಗಣಿ, ಅರಿಶಿನ, ತೂತಿನೊಳಗಿನ ಮಣ್ಣು ಎಲ್ಲವೂ ಗುರುತುಗಳೇ. ಒಂದೇ ಮೂಲೆಯಲ್ಲಿ ಸಿಕ್ಕಿದ ತುಂಡುಗಳನ್ನು ಬೇರೆ ಮಾಡುವ ಮುಂಚೆ, ಇದ್ದ ಹಾಗೇ ಒಂದು ಫೋಟೊ ತೆಗೆದಿಡಿ.

ಆಮೇಲೆ ಆ ಫೋಟೊಗಳನ್ನು ಮೊದಲು ಮನೆಯ ಹಿರಿಯರಿಗೆ ತೋರಿಸಿ. "ಇದು ನೇಗಿಲಾ?" ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. "ಇದನ್ನ ಯಾರು ಹಿಡೀತಿದ್ರು, ಯಾವ ತಿಂಗಳಲ್ಲಿ?" ಅಂತ ಕೇಳಿ. ಬರುವ ಉತ್ತರದಲ್ಲಿ ಹೆಸರೂ ಇರುತ್ತದೆ, ಕೆಲಸವೂ ಇರುತ್ತದೆ. ಅವರು ಹೇಳಿದ ಹೆಸರನ್ನು, ಪುಸ್ತಕದ ಹೆಸರಿಗೆ ತಿದ್ದದೆ, ಒಂದು ಚೀಟಿಯಲ್ಲಿ ಬರೆದು ಆ ಸಾಮಾನಿಗೇ ಕಟ್ಟಿಡಿ.